ಪಂಚೆಯ ಮೇಲೊಂದು ನೆರಳು

ಆ ಫೋಟೊ ನಮ್ಮ ಪತ್ರಿಕೆಯಲ್ಲಿ ಎಷ್ಟು ಸಲ ಅಚ್ಚಾಗಿದೆಯೋ ಲೆಕ್ಕವಿಲ್ಲ. 1947ರ ಸೆಪ್ಟೆಂಬರ್, ಮೈಸೂರು ಚಲೋ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಮೈಸೂರು ಸಂಸ್ಥಾನದಲ್ಲಿ ಮಾತ್ರ ಜನರ ಸರ್ಕಾರ ಬಂದಿರಲಿಲ್ಲ, ಅದಕ್ಕೇ ಊರೂರಲ್ಲೂ ಜನ ಬೀದಿಗೆ ಇಳಿದಿದ್ದರು. ಮಂಡ್ಯ ಕಡೆಯ ಒಂದು ಸಂತೆಬೀದಿ, ಬೆಳಗಿನ ಬಿಸಿಲು, ಬಾವುಟ ಹಿಡಿದು ಸಾಲಾಗಿ ಬರುತ್ತಿರುವ ಆರು ಜನ ಮುಖಂಡರು. ಆರೂ ಹೆಸರು ನನಗೆ ಬಾಯಿಪಾಠ.

ನಾನು ಈ ಕಡತಕೋಣೆಗೆ ಬಂದಿದ್ದು 1974ರಲ್ಲಿ. ನಿವೃತ್ತಿ ಆದ ಮೇಲೂ ಬಿಡಲಿಲ್ಲ. 2022ರಲ್ಲಿ, ಸ್ವಾತಂತ್ರ್ಯದ 75ನೇ ವರ್ಷದ ವಿಶೇಷ ಸಂಚಿಕೆಗೆ ಹಳೇ ಫೋಟೊ ಎಲ್ಲ ಸ್ಕ್ಯಾನ್ ಮಾಡಬೇಕು ಅಂತ ಮಳವಳ್ಳಿ ಕಡೆಯ ಒಬ್ಬ ಹುಡುಗಿಯನ್ನು ಕಳಿಸಿಕೊಟ್ಟರು. ಅವಳು ಪರದೆ ಮೇಲೆ ಆ ಚಿತ್ರವನ್ನು ಗೋಡೆಯಷ್ಟು ದೊಡ್ಡದು ಮಾಡಿದಳು. ಆಗ ಕಂಡಿತು. ಎಡತುದಿಯಲ್ಲಿದ್ದವರ ಬಿಳಿ ಪಂಚೆಯ ಮೇಲೆ, ಮೊಣಕಾಲಿನ ಹತ್ತಿರ, ದುಂಡಗಿನ ಒಂದು ನೆರಳು. ಅವರ ಪಕ್ಕದಲ್ಲಿ ಯಾರೂ ಇಲ್ಲ. ಹಾಗಾದರೆ ಆ ನೆರಳು ಯಾರದ್ದು?

ಇಷ್ಟು ವರ್ಷ ಅದು ಪಂಚೆಯ ಕೊಳೆ ಅಂದುಕೊಂಡಿದ್ದೆ.

"ಸಾರ್, ಇಲ್ಲಿ ನೋಡಿ, ಹುಲ್ಲು ಸುಟ್ಟಿದ್ದಾರೆ," ಅಂದಳು. ರಸ್ತೆ ಬದಿಯಲ್ಲಿ ಕಪ್ಪಗೆ ಒಂದು ಹಿಡಿ ಬೂದಿ, ಮೇಲೆ ಎಳೆ ಹೊಗೆ. ನಾನು ಕಸಕ್ಕೆ ಬೆಂಕಿ ಹಾಕಿರಬೇಕು ಅಂದೆ. ಅವಳು ತಲೆ ಅಲ್ಲಾಡಿಸಿದಳು. "ಇಲ್ಲ ಸಾರ್. ತಮಟೆ ಕಾಯಿಸಿರೋ ಬೆಂಕಿ ಇದು. ಬಾರಿಸೋಕೆ ಮುಂಚೆ ಚರ್ಮ ಬಿಗಿ ಆಗಲಿ ಅಂತ ಕಾಯಿಸ್ತಾರೆ. ನಮ್ಮೂರಲ್ಲಿ ಈಗಲೂ ಹೀಗೇ."

ನನ್ನ ಕೈ ಸಣ್ಣಗೆ ನಡುಗಿತು. ಬೀರುವಿನಿಂದ ಮೂಲ ಪ್ರಿಂಟ್ ತೆಗೆದು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಇಡೀ ಫೋಟೊ ಮಿರುಗುತ್ತಿತ್ತು, ಎಡಭಾಗದಲ್ಲಿ ಮಾತ್ರ ಒಂದು ಆಳಿನಷ್ಟು ಜಾಗ ಮಂಕು. ಬಣ್ಣ. ಆ ಕಾಲದಲ್ಲಿ ಬ್ಲಾಕ್ ಮಾಡಿಸೋ ಮುಂಚೆ ಬ್ರಷ್ ಹಿಡಿದು ಟಚಪ್ ಮಾಡುತ್ತಿದ್ದರು, ಕಣ್ಣು ಮೂಗು ಎದ್ದು ಕಾಣಲಿ ಅಂತ. ಇಲ್ಲಿ ಒಬ್ಬ ಮನುಷ್ಯನನ್ನೇ ಗೋಡೆ ಮಾಡಿದ್ದರು. ಪಂಚೆಯ ನೆರಿಗೆ ಮತ್ತೆ ಬರೆಯೋದು ಕಷ್ಟ ಅಂತ ಆ ನೆರಳನ್ನು ಬಿಟ್ಟಿರಬೇಕು. ಬೂದಿ ಯಾಕಿದೆ ಅಂತ ಬ್ರಷ್ ಹಿಡಿದವರಿಗೂ ಗೊತ್ತಿರಲಿಲ್ಲ, ನನ್ನ ಹಾಗೆ.

ಸ್ಟಾಲಿನ್ ಪಕ್ಕ ಕಾಲುವೆ ದಂಡೆಯಲ್ಲಿ ನಿಂತಿದ್ದ ಗುಪ್ತ ಪೊಲೀಸ್ ಮುಖ್ಯಸ್ಥ ಯೆಝೋವ್‌ನನ್ನು ಅಳಿಸಿ ಅಲ್ಲಿ ನೀರು ಬಿಡಿಸಿದ ಫೋಟೊ ಎಲ್ಲರಿಗೂ ಗೊತ್ತು. ಹೊಸಬರಿಗೆ ನಾನೇ ಎಷ್ಟು ಸಲ ತೋರಿಸಿದ್ದೇನೆ, ನೋಡಿ ಅಲ್ಲಿ ಹೀಗೆಲ್ಲ ಮಾಡುತ್ತಿದ್ದರು ಅಂತ. ಅವನಾದರೋ ಅಧಿಕಾರದಲ್ಲಿದ್ದವನು, ಆಮೇಲೆ ಬಿದ್ದವನು. ಒಬ್ಬ ತಮಟೆಯವನಿಂದ ಯಾರಿಗೆ ಏನು ಭಯವಿತ್ತು?

ಪ್ರಿಂಟನ್ನು ತಿರುಗಿಸಿದೆ. ಹಿಂದೆ ಪೆನ್ಸಿಲ್‌ನಲ್ಲಿ ಬರೆದಿತ್ತು: "ಬೆಳ್ಳಿಹಬ್ಬದ ಸಂಚಿಕೆ, 1972. ಎಡಗಡೆಯ ತಮಟೆ ತೆಗೆಯಿರಿ. ಮುಖಂಡರು ಮಾತ್ರ ಸಾಕು."

ಆ ಅಕ್ಷರ ನನಗೆ ಗೊತ್ತು. 'ಳ'ದ ಬಾಲ ಉದ್ದ ಎಳೆಯುತ್ತಿದ್ದರು. ನನಗೆ ಕೆಲಸ ಕಲಿಸಿದವರು ಅವರು. ತಾರೀಖು ಬರೆಯದೆ ಒಂದು ಚೀಟಿಯನ್ನೂ ಕಡತಕ್ಕೆ ಸೇರಿಸಬೇಡ ಅಂತ ಬೈಯುತ್ತಿದ್ದವರು. ಅವರು ತೀರಿಕೊಂಡು ಬಹಳ ವರ್ಷವಾಯಿತು. ಅವತ್ತು ಮಧ್ಯಾಹ್ನ ಊಟದ ಡಬ್ಬಿ ತೆಗೆಯಲಿಲ್ಲ ನಾನು.

ಬಣ್ಣ ಒರೆಸಲು ಹೋಗಲಿಲ್ಲ. ಒರೆಸಿದರೆ ಕೆಳಗಿರೋದೂ ಹೋದೀತು. ಪ್ರಿಂಟ್ ಹಿಂದೆ ದೀಪ ಇಟ್ಟು ಸ್ಕ್ಯಾನ್ ಮಾಡುವ ಉಪಾಯ ಅವಳೇ ಹೇಳಿದಳು. ಬೆಳಕು ಕಾಗದದೊಳಗಿಂದ ಹಾದಾಗ ಮೆಲ್ಲಗೆ ಮೂಡಿದ. ಕುತ್ತಿಗೆಗೆ ತಮಟೆ, ಮುಂದೆ ಇಟ್ಟ ಒಂದು ಬರಿಗಾಲು, ಎತ್ತಿದ ಬಲಗೈ. ಮೆರವಣಿಗೆಗೆ ಅವನೇ ಮುಂದಿದ್ದ, ಉಳಿದ ಆರು ಜನ ಅವನ ಹಿಂದೆ ಬರುತ್ತಿದ್ದರು.

ಅಡಿಬರಹ ನಾನೇ ಬರೆದೆ. ಎಡದಿಂದ ಮೊದಲನೆಯವರು ತಮಟೆ ಬಾರಿಸುತ್ತಿರುವವರು, 1972ರಲ್ಲಿ ಈ ಚಿತ್ರದಿಂದ ನಾವೇ ಇವರನ್ನು ಅಳಿಸಿದ್ದೆವು, ಹೆಸರು ಬಲ್ಲವರು ದಯವಿಟ್ಟು ತಿಳಿಸಿ. 'ನಾವೇ' ಅನ್ನೋದು ಬೇಡ ಅಂದರು ಸಂಪಾದಕರು. ಅದಿಲ್ಲದಿದ್ದರೆ ಫೋಟೊ ಕೊಡಲ್ಲ ಅಂದೆ. ನಲವತ್ತೆಂಟು ವರ್ಷದಲ್ಲಿ ಮೊದಲ ಸಲ ಹಾಗೆ ಮಾತಾಡಿದ್ದು.

ಮೂರನೇ ದಿನ ಫೋನ್ ಬಂತು. ವಯಸ್ಸಾದ ಹೆಂಗಸಿನ ದನಿ.

"ಸಾಮಿ, ಅದು ನಮ್ಮಪ್ಪ. ಮೊಮ್ಮಗ ಪೇಪರ್ ತೋರಿಸ್ದ. ನಿಂತಿರೋ ಭಂಗಿಲೇ ಗುರುತು ಸಿಕ್ತು. ನಮ್ಮಪ್ಪಂದು ಒಂದು ಫೋಟೊನೂ ಇಲ್ಲ ನಮ್ ಮನೇಲಿ."

ಹೆಸರು ಕೇಳಿದೆ. ನಿಧಾನವಾಗಿ ಹೇಳಿದರು. ರಿಜಿಸ್ಟರಿನಲ್ಲಿ ಇಂಕಿನಲ್ಲಿ ಬರೆದುಕೊಂಡೆ, ತಾರೀಖಿನ ಸಮೇತ.

"ಪೇಪರಲ್ಲಿ ಮಬ್ಬಾಗದೆ. ನಿಮ್ಮತ್ರ ಇರೋದ್ರಲ್ಲಿ ಮುಖ ಕಾಣ್ತದಾ ಸಾಮಿ?"

"ಅರ್ಧ ಕಾಣುತ್ತೆ ತಾಯಿ," ಅಂದೆ. "ಬೆಳಿಗ್ಗೆ ಹೊತ್ತು ಬನ್ನಿ. ಕಿಟಕಿ ಹತ್ರ ಹಿಡಿದು ತೋರಿಸ್ತೀನಿ."