ಮಾಸ್ಟರ್ ಪ್ಲ್ಯಾನ್‌ನ ಬಣ್ಣಗಳನ್ನು ಓದುವುದು ಹೇಗೆ: ನಮ್ಮ ಬಡಾವಣೆಯವರಿಗೆ ಒಂದು ಟಿಪ್ಪಣಿ

ಬಡಾವಣೆಯ ಎಲ್ಲರಿಗೂ ನಮಸ್ಕಾರ.

ಕಳೆದ ಸಭೆಯಲ್ಲಿ ತುಂಬ ಜನ ಕೇಳಿದ್ದು ಒಂದೇ ಪ್ರಶ್ನೆ. "ನಮ್ಮದು ಹಳದಿ ವಲಯ ಅಲ್ವಾ, ಹಾಗಿದ್ರೆ ಇಲ್ಲಿ ಅಂಗಡಿ ಹೇಗೆ ಬಂತು?" ನಕ್ಷೆಯಲ್ಲಿ ಹಳದಿ ಅಂದರೆ ವಸತಿ. ಆದರೆ ಈ ಪ್ರಶ್ನೆಗೆ ಒಂದು ಸಾಲಿನಲ್ಲಿ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೇ ಬರೆದು ಹಂಚುತ್ತಿದ್ದೇನೆ. ಸೈಟ್ ಕೊಳ್ಳುವವರೂ ಮನೆ ಮೇಲೆ ಇನ್ನೊಂದು ಮಹಡಿ ಕಟ್ಟುವವರೂ ದಯವಿಟ್ಟು ಪೂರ್ತಿ ಓದಿ.

ಊರಿನ ಯಾವ ಜಾಗವನ್ನು ಯಾವುದಕ್ಕೆ ಬಳಸಬೇಕು ಅಂತ ಹೇಳುವುದೇ ಮಾಸ್ಟರ್ ಪ್ಲ್ಯಾನ್. ಬೆಂಗಳೂರಿಗೆ ಅನ್ವಯಿಸುವುದು 2007ರಲ್ಲಿ ಸರ್ಕಾರದ ಒಪ್ಪಿಗೆ ಪಡೆದ ಪರಿಷ್ಕೃತ ಮಾಸ್ಟರ್ ಪ್ಲ್ಯಾನ್ 2015. ಅದರ ಬೇರು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿದೆ. 2031ಕ್ಕೆ ಅಂತ ಹೊಸ ಕರಡು 2017ರಲ್ಲಿ ಬಂದಿತ್ತು, ಆದರೆ ಆಮೇಲೆ ಅದನ್ನು ಹಿಂದಕ್ಕೆ ಪಡೆದರು. ಹಾಗಾಗಿ ಹೆಸರಲ್ಲಿ 2015 ಅಂತಿದ್ದರೂ ಹಳೆಯದೇ ನಡೆಯುತ್ತಾ ಬಂದಿದೆ.

ಈ ಪ್ಲ್ಯಾನ್‌ನಲ್ಲಿ ಎರಡು ಭಾಗ ಇದೆ. ಒಂದು ನಕ್ಷೆ, ಇನ್ನೊಂದು ವಲಯ ನಿಯಮಾವಳಿ. ನಕ್ಷೆ ಎಲ್ಲರೂ ನೋಡುತ್ತಾರೆ, ನಿಯಮಾವಳಿ ಓದುವವರು ಕಡಿಮೆ. ನಿಮ್ಮ ಜಾಗ ಯಾವ ವಲಯದಲ್ಲಿದೆ ಅಂತ ಬಣ್ಣ ಹೇಳುತ್ತದೆ. ಆ ವಲಯದಲ್ಲಿ ಏನು ಮಾಡಬಹುದು, ಎಷ್ಟು ಮಾಡಬಹುದು, ಎಷ್ಟು ಅಗಲದ ರಸ್ತೆ ಇದ್ದರೆ ಮಾಡಬಹುದು ಅನ್ನುವುದೆಲ್ಲ ಇರುವುದು ನಿಯಮಾವಳಿಯ ಕೋಷ್ಟಕಗಳಲ್ಲಿ. ಜಗಳ ಹುಟ್ಟುವುದೂ ಅಲ್ಲೇ, ಬಗೆಹರಿಯುವುದೂ ಅಲ್ಲೇ.

ಮೊದಲು ವಸತಿ. ಇದರಲ್ಲಿ ಎರಡು ಬಗೆ: ಮುಖ್ಯ ವಸತಿ ಮತ್ತು ಮಿಶ್ರ ವಸತಿ. ಮುಖ್ಯ ವಸತಿಯಲ್ಲಿ ಮನೆಯೇ ಪ್ರಧಾನ. ಹಾಗಂತ ಮನೆ ಬಿಟ್ಟು ಬೇರೇನೂ ಬರಬಾರದು ಅಂತ ಅರ್ಥ ಅಲ್ಲ. ಕಟ್ಟಡದ ಒಂದು ಸಣ್ಣ ಪಾಲನ್ನು ಪೂರಕ ಬಳಕೆಗೆ ಬಿಟ್ಟಿದ್ದಾರೆ. ಕೆಳಗಿನ ಒಂದು ಕೋಣೆಯಲ್ಲಿ ಟೈಲರ್, ವಕೀಲರ ಕಚೇರಿ, ಡಾಕ್ಟರ ಕ್ಲಿನಿಕ್, ದಿನಸಿ ಅಂಗಡಿ ಇಂಥವು ಈ ಲೆಕ್ಕದಲ್ಲಿ ಬರುತ್ತವೆ. ಮಿಶ್ರ ವಸತಿಯಲ್ಲಿ ಈ ಪಾಲು ಜಾಸ್ತಿ. ಚಿಕ್ಕಪೇಟೆಯಂಥ ಹಳೇ ಪೇಟೆಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇದ್ದದ್ದು ನಮಗೆ ಹೊಸದೇನಲ್ಲ. ಮಿಶ್ರ ವಸತಿ ಆ ಬದುಕಿಗೆ ಕೊಟ್ಟ ಕಾನೂನಿನ ರೂಪ. ಅದನ್ನು ನಾನು ಒಪ್ಪುತ್ತೇನೆ. ಹಾಲು ತರೋಕೆ ಗಾಡಿ ತೆಗೆಯಬೇಕಾದ ಬಡಾವಣೆ ಯಾರಿಗೆ ಬೇಕು?

ತೊಂದರೆ ಬರುವುದು ರಸ್ತೆಯ ಅಗಲದಲ್ಲಿ. ನಗರದ ಒಳಗಿನ ವಸತಿ ಪ್ರದೇಶಗಳಲ್ಲಿ 40 ಅಡಿಗಿಂತ ಕಿರಿದಾದ ರಸ್ತೆಯಲ್ಲಿ ವಾಣಿಜ್ಯ ಚಟುವಟಿಕೆಗೆ ನಿರ್ಬಂಧ ಇದೆ. ನಮ್ಮ ನಾಲ್ಕನೇ ಅಡ್ಡರಸ್ತೆಯನ್ನೇ ತಗೊಳ್ಳಿ. ಟೇಪ್ ಹಿಡಿದು ಅಳೆದರೆ 30 ಅಡಿ. ಎರಡೂ ಕಡೆ ಕಾರು ನಿಂತರೆ ನಡುವೆ ಉಳಿಯುವುದು ಒಂದು ಗಾಡಿ ಹೋಗುವಷ್ಟು ಜಾಗ. ಅಲ್ಲಿ ರೆಸ್ಟೋರೆಂಟ್ ಬಂದರೆ ಗಿರಾಕಿಗಳ ಗಾಡಿ ನಿಲ್ಲೋದು ಎಲ್ಲಿ, ಬೆಂಕಿ ಬಿದ್ದರೆ ಅಗ್ನಿಶಾಮಕದವರು ಒಳಗೆ ಬರೋದು ಹೇಗೆ? ನಿಯಮದ ಹಿಂದಿರುವ ಲೆಕ್ಕ ಇದೇ. ಎಷ್ಟು ಎತ್ತರ, ಎಷ್ಟು ಎಫ್‌ಎಆರ್ ಅಂದರೆ ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನುವುದಕ್ಕೂ ಸೈಟಿನ ಅಳತೆಯ ಜೊತೆ ರಸ್ತೆಯ ಅಗಲವನ್ನು ನೋಡುತ್ತಾರೆ.

ವಾಣಿಜ್ಯ ವಲಯದ ಬಣ್ಣ ನೀಲಿ. ನಿಯಮಾವಳಿಯು ವಾಣಿಜ್ಯ ಬಳಕೆಯನ್ನು ಸಿ-1ರಿಂದ ಸಿ-5ರವರೆಗೆ ಹಂತ ಹಂತವಾಗಿ ವಿಂಗಡಿಸಿದೆ. ಬೀದಿಯ ಸಣ್ಣಪುಟ್ಟ ಅಂಗಡಿಯಿಂದ ಶುರುವಾಗಿ ಇಡೀ ಊರಿಗೇ ಬೇಕಾಗುವ ಸಗಟು ವ್ಯಾಪಾರದವರೆಗೆ ಏರುತ್ತಾ ಹೋಗುತ್ತದೆ. ನಿಮ್ಮ ಪಕ್ಕದಲ್ಲಿ ಏನಾದರೂ ಬರುತ್ತಿದ್ದರೆ "ಅದು ಕಮರ್ಷಿಯಲ್ಲಾ?" ಅಂತ ಕೇಳಿ ಸುಮ್ನಾಗಬೇಡಿ. ಯಾವ ಹಂತದ್ದು ಅಂತ ಕೇಳಿ. ದೊಡ್ಡ ರಸ್ತೆಗಳ ಅಕ್ಕಪಕ್ಕಕ್ಕೆ ವಾಣಿಜ್ಯ ಅಕ್ಷ, ಮ್ಯುಟೇಷನ್ ಕಾರಿಡಾರ್ ಅಂತ ಬೇರೆ ಹೆಸರುಗಳಿವೆ. ಅಲ್ಲಿ ಬೆಳೆಯಲು ಹೆಚ್ಚು ಅವಕಾಶ ಕೊಟ್ಟಿದ್ದಾರೆ.

ಕೈಗಾರಿಕೆ ನೇರಳೆ ಬಣ್ಣ. ಪೀಣ್ಯ ನಮಗೆಲ್ಲ ಗೊತ್ತಿರುವ ಉದಾಹರಣೆ. ಇಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಂಪು, ಕಿತ್ತಳೆ, ಹಸಿರು, ಬಿಳಿ ಅನ್ನುವ ವರ್ಗಗಳನ್ನು ನಕ್ಷೆಯ ಬಣ್ಣದ ಜೊತೆ ಕಲಸಿಕೊಳ್ಳಬೇಡಿ. ಅವು ಕಾರ್ಖಾನೆ ಎಷ್ಟು ಮಾಲಿನ್ಯ ಮಾಡುತ್ತದೆ ಅನ್ನುವುದರ ಅಳತೆ, ಜಾಗಕ್ಕೆ ಸಂಬಂಧಿಸಿದ್ದಲ್ಲ. ಕೈಗಾರಿಕೆ ಜಾಗ ಕೈಗಾರಿಕೆಯಾಗೇ ಉಳಿಯುತ್ತದೆ ಅಂತಲೂ ಇಲ್ಲ. ಬಿನ್ನಿ ಮಿಲ್ ಇದ್ದ ಕಡೆ ಈಗ ಅಪಾರ್ಟ್‌ಮೆಂಟ್‌ಗಳಿವೆ.

ಈಗ ಹಸಿರಿಗೆ ಬರೋಣ. ನನಗೆ ಹೆಚ್ಚು ಕಾಳಜಿ ಇರುವುದೂ ಇದರ ಬಗ್ಗೆಯೇ. ಹಸಿರು ಅಂದರೆ ಒಂದೇ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾಗಿ ಬೇರೆ ಬೇರೆ ವಿಷಯಗಳು ಆ ಹೆಸರಿನಡಿ ಸೇರಿಕೊಂಡಿವೆ.

ಬಡಾವಣೆಯೊಳಗಿನ ಉದ್ಯಾನ, ಆಟದ ಮೈದಾನ ಸಾರ್ವಜನಿಕರದ್ದು. ಅದನ್ನು ಯಾರಿಗೂ ಬರೆದುಕೊಡುವಂತಿಲ್ಲ. ಸದಾಶಿವನಗರದ ಕಡೆ ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳೇ ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣ ಅಂತ ಅದನ್ನು ಇವತ್ತಿಗೂ ದೇಶದ ಎಲ್ಲ ಕೋರ್ಟುಗಳಲ್ಲಿ ಉಲ್ಲೇಖಿಸುತ್ತಾರೆ. ಉದ್ಯಾನ ಉಳಿಸಲು ದನಿ ಎತ್ತುವ ಹಕ್ಕು ಅಲ್ಲಿ ವಾಸಿಸುವವರಿಗೆ ಇದೆ ಅಂತ ಆ ತೀರ್ಪು ಗಟ್ಟಿಯಾಗಿ ಹೇಳಿತು.

ಊರಿನ ಅಂಚಿನ ಹಸಿರು ಪಟ್ಟಿ ಬೇರೆ. ಅದು ಕೃಷಿ ವಲಯ. ಜಮೀನು ರೈತರದ್ದೇ, ಆದರೆ ಬಡಾವಣೆ ಮಾಡುವಂತಿಲ್ಲ. ಕಡಿಮೆ ಬೆಲೆಗೆ ರೆವಿನ್ಯೂ ಸೈಟ್, ಅಂದರೆ ಬಡಾವಣೆಗೆ ಒಪ್ಪಿಗೆ ಪಡೆಯದೆ ಮಾರುವ ಸೈಟ್, ಸಿಗುವುದು ಹೆಚ್ಚಾಗಿ ಇಲ್ಲೇ. ಡಿಸಿ ಕನ್ವರ್ಷನ್ ಆಗಿದೆ ಅಂತ ಬ್ರೋಕರ್ ಹೇಳಿದರೆ ಅಷ್ಟಕ್ಕೇ ನಂಬಬೇಡಿ. ಕನ್ವರ್ಷನ್ ಆಗುವುದು ಭೂಕಂದಾಯ ಕಾಯ್ದೆಯಡಿ, ಜಮೀನನ್ನು ಕೃಷಿಯೇತರ ಮಾಡುವುದಕ್ಕೆ. ಮಾಸ್ಟರ್ ಪ್ಲ್ಯಾನ್‌ನ ವಲಯ ಬದಲಾವಣೆ ಬೇರೆ ಕಾನೂನು, ಬೇರೆ ಆದೇಶ. ಎರಡೂ ಕಾಗದ ಕೇಳಿ ನೋಡಿ. ಜೀವಮಾನದ ದುಡಿಮೆ ಹಾಕಿ ಸೈಟ್ ಕೊಳ್ಳುವವರು ಇದೊಂದನ್ನು ಬಿಡಲೇಬಾರದು.

ಇನ್ನೊಂದು ಕೆರೆ ಮತ್ತು ರಾಜಕಾಲುವೆಯ ಮೀಸಲು ಪ್ರದೇಶ. ಮಾಸ್ಟರ್ ಪ್ಲ್ಯಾನ್ ಪ್ರಕಾರ ಕೆರೆಯ ಅಂಚಿನಿಂದ 30 ಮೀಟರ್, ಪ್ರಾಥಮಿಕ ಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಬಿಡಬೇಕು. ಕಾಲುವೆಗಳದ್ದನ್ನು ಮಧ್ಯದಿಂದ ಅಳೆಯುತ್ತಾರೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಇದನ್ನು ಹೆಚ್ಚಿಸಿ ಕೆರೆಗೆ 75 ಮೀಟರ್ ಮಾಡಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಹೆಚ್ಚಳವನ್ನು ರದ್ದು ಮಾಡಿತು. ನಿಮ್ಮ ಸೈಟ್ ಹಳದಿಯಲ್ಲೇ ಇದ್ದರೂ ಅದರ ಒಂದು ಮೂಲೆ ಈ ಗೆರೆಯೊಳಗೆ ಬರಬಹುದು. ಮಳೆಗಾಲದಲ್ಲಿ ನೀರು ನುಗ್ಗುವ ಮನೆಗಳನ್ನು ನೋಡಿದವರಿಗೆ ಈ ಗೆರೆ ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನಕ್ಷೆ ನೋಡುವುದು ಕಷ್ಟ ಅಲ್ಲ. ಇಡೀ ಊರನ್ನು ಯೋಜನಾ ಜಿಲ್ಲೆಗಳಾಗಿ ಹಂಚಿ, ಒಂದೊಂದಕ್ಕೂ ಬೇರೆ ಹಾಳೆ ಮಾಡಿದ್ದಾರೆ. ನಿಮ್ಮ ಖಾತೆ ಪತ್ರದಲ್ಲಿರುವ ಸರ್ವೆ ನಂಬರ್ ಹಿಡಿದು ನಮ್ಮ ಹಾಳೆಯಲ್ಲಿ ಹುಡುಕಿ. ಗೊಂದಲವಾದರೆ ಯೋಜನಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ನಿಮ್ಮ ಜಾಗದ ಭೂ ಬಳಕೆ ಯಾವುದು ಅಂತ ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತು ಬೇಡ.

ಕೊನೆಯದಾಗಿ, ಯಾರಾದರೂ ವಲಯ ಬದಲಿಸಲು ಹೊರಟರೆ ಕಾಯ್ದೆಯ 14-ಎ ಕಲಂ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಜನರ ಆಕ್ಷೇಪಣೆ ಕೇಳಬೇಕು. ಅವು ಸಾಮಾನ್ಯವಾಗಿ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತವೆ. ನಮ್ಮ ಸರ್ವೆ ನಂಬರ್‌ಗಳು ಕಂಡರೆ ಕತ್ತರಿಸಿಟ್ಟು ಅವತ್ತೇ ಸಂಘದ ಕಚೇರಿಗೆ ತನ್ನಿ. ಆಕ್ಷೇಪಣೆಗೆ ಕೊಡುವ ದಿನಗಳು ತುಂಬಾ ಕಡಿಮೆ. ನಾವು ಎಲ್ಲರ ಸಹಿ ಹಾಕಿಸಿ ಕೊಡುತ್ತೇವೆ.