ವಿದ್ಯಾರ್ಥಿ ನಿಲಯದ ಮೆಸ್ ಸಮಿತಿ ಸಭೆಯ ನಡವಳಿ

ದಿನಾಂಕ: 12 ಜುಲೈ 2025, ಶನಿವಾರ
ಸಮಯ: ಸಂಜೆ 5.00
ಸ್ಥಳ: ನಿಲಯದ ಊಟದ ಹಾಲ್
ಅಧ್ಯಕ್ಷತೆ: ನಿಲಯದ ವಾರ್ಡನ್

ಹಾಜರಿದ್ದವರು: ವಾರ್ಡನ್, ಮೆಸ್ ಮೇಲ್ವಿಚಾರಕರು, ಮುಖ್ಯ ಅಡುಗೆಯವರು, ಲೆಕ್ಕಿಗರು, ನಾಲ್ಕೂ ಮಹಡಿಗಳ ವಿದ್ಯಾರ್ಥಿ ಪ್ರತಿನಿಧಿಗಳು ಹಾಗೂ ಸಮಿತಿಯ ವಿದ್ಯಾರ್ಥಿ ಕಾರ್ಯದರ್ಶಿ. ಉಗ್ರಾಣದ ಉಸ್ತುವಾರಿ ನೋಡಿಕೊಳ್ಳುವವರು ರಜೆಯಲ್ಲಿದ್ದರು. ಅವರ ಗೈರುಹಾಜರಿಯಿಂದ ಬಿಲ್ಲಿನ ಚರ್ಚೆಯಲ್ಲಿ ಕೆಲವು ಪ್ರಶ್ನೆಗಳಿಗೆ ಉತ್ತರ ಸಿಗದೆ, ದಾಸ್ತಾನು ಪುಸ್ತಕವನ್ನು ಸಭೆಗೆ ತರಿಸಿ ನೋಡಬೇಕಾಯಿತು.

1. ಹಿಂದಿನ ಸಭೆಯ ನಡವಳಿ

ಜೂನ್ ತಿಂಗಳ ಸಭೆಯ ನಡವಳಿಯನ್ನು ಓದಿ ದೃಢೀಕರಿಸಲಾಯಿತು. ಅದರಲ್ಲಿದ್ದ ಐದು ತೀರ್ಮಾನಗಳ ಪೈಕಿ ನಾಲ್ಕು ಜಾರಿಯಾಗಿವೆ. ಕುಡಿಯುವ ನೀರಿನ ಫಿಲ್ಟರ್ ಬದಲಿಸುವ ಕೆಲಸ ಮಾತ್ರ ಸತತ ಎರಡನೇ ತಿಂಗಳೂ ಬಾಕಿ ಉಳಿದಿದ್ದು, ಅದನ್ನು ಜುಲೈ 16ರೊಳಗೆ ಮುಗಿಸಿ ಬದಲಿಸಿದ ದಿನಾಂಕವನ್ನು ಫಿಲ್ಟರಿನ ಮೇಲೆಯೇ ಬರೆದು ಅಂಟಿಸುವಂತೆ ವಾರ್ಡನ್ ಅವರು ಮೇಲ್ವಿಚಾರಕರಿಗೆ ಸೂಚಿಸಿದರು.

2. ಊಟ-ತಿಂಡಿಯ ಪಟ್ಟಿ

ಒಂದೇ ತರಕಾರಿ ವಾರದಲ್ಲಿ ಮೂರು ರಾತ್ರಿ ಬರುತ್ತಿದೆ ಎಂದು ಎರಡನೇ ಮಹಡಿಯ ಪ್ರತಿನಿಧಿ ದೂರಿದರು. ತರಕಾರಿ ವಾರಕ್ಕೆ ಎರಡೇ ಸಲ ಬರುತ್ತಿರುವುದರಿಂದ ಬೇಗ ಬಾಡುವುದನ್ನು ಮೊದಲೆರಡು ದಿನಗಳಲ್ಲಿ ಬಳಸಿ, ತಡೆದುಕೊಳ್ಳುವುದನ್ನೇ ಉಳಿದ ದಿನಗಳಿಗೆ ಹಂಚಬೇಕಾಗುತ್ತದೆ ಎಂದು ಮುಖ್ಯ ಅಡುಗೆಯವರು ವಿವರಿಸಿದರು. ಹೀಗಾಗಿ ಪಟ್ಟಿಯನ್ನು ತಿದ್ದುವ ಮೊದಲು ಖರೀದಿಯ ಕ್ರಮವನ್ನು ತಿದ್ದಬೇಕೆಂದು ಸಮಿತಿ ಒಪ್ಪಿ, ಜುಲೈ 21ರಿಂದ ವಾರಕ್ಕೆ ಮೂರು ಸಲ ತರಕಾರಿ ತರಿಸಲು ತೀರ್ಮಾನಿಸಿತು.

ಬೆಳಿಗ್ಗೆ ಎಂಟೂಮುಕ್ಕಾಲರ ನಂತರ ಬಂದವರಿಗೆ ತಿಂಡಿ ಸಿಗುತ್ತಿಲ್ಲ ಎಂಬ ದೂರು ಎಲ್ಲ ಮಹಡಿಗಳಿಂದಲೂ ಬಂದಿತ್ತು. ಮರುದಿನ ತಿಂಡಿ ಬೇಡದವರು ಹಿಂದಿನ ರಾತ್ರಿ 8 ಗಂಟೆಯೊಳಗೆ ಹಾಳೆಯಲ್ಲಿ ಗುರುತು ಹಾಕಬೇಕು. ಉಳಿದ ಎಲ್ಲರಿಗೂ 9.15ರವರೆಗೆ ತಿಂಡಿ ಇರಲೇಬೇಕು ಎಂದು ತೀರ್ಮಾನವಾಯಿತು. ವಾರಕ್ಕೊಂದು ವಿಶೇಷ ಊಟದ ಪ್ರಸ್ತಾಪಕ್ಕೆ ಮೂವರು ಪ್ರತಿನಿಧಿಗಳು ಒಪ್ಪಿದರು. ಅದರ ಖರ್ಚು ಎಲ್ಲರ ಬಿಲ್ಲಿಗೂ ಬೀಳುತ್ತದೆ ಎಂದು ಮೊದಲನೇ ಮಹಡಿಯ ಪ್ರತಿನಿಧಿ ವಿರೋಧಿಸಿದ್ದು, ಅವರ ಕೋರಿಕೆಯಂತೆ ಆ ಭಿನ್ನಾಭಿಪ್ರಾಯವನ್ನು ಇಲ್ಲಿ ದಾಖಲಿಸಲಾಗಿದೆ. ಪ್ರಸ್ತಾಪವನ್ನು ಮುಂದೂಡಲಾಯಿತು.

3. ಸ್ವಚ್ಛತೆಯ ದೂರುಗಳು

ಸಭೆಗೆ ಮುನ್ನ 4 ಗಂಟೆಗೆ ವಾರ್ಡನ್ ಮತ್ತು ಇಬ್ಬರು ಪ್ರತಿನಿಧಿಗಳು ಅಡುಗೆಮನೆಯನ್ನು ಪರಿಶೀಲಿಸಿದ್ದರು. ಫ್ರಿಜ್ಜಿನೊಳಗಿನ ಉಷ್ಣಾಂಶ 11 ಡಿಗ್ರಿ ಸೆಲ್ಸಿಯಸ್ ಇತ್ತು. ಅದು 5 ಡಿಗ್ರಿ ಅಥವಾ ಅದಕ್ಕೂ ಕಡಿಮೆ ಇರಬೇಕು. ಬಾಗಿಲಿನ ರಬ್ಬರ್ ಸಡಿಲವಾಗಿರುವುದೇ ಕಾರಣವಿರಬಹುದೆಂದು ಮೇಲ್ವಿಚಾರಕರು ತಿಳಿಸಿದ್ದು, ದುರಸ್ತಿಯಾಗುವವರೆಗೆ ಹಾಲನ್ನು ಆಯಾ ದಿನಕ್ಕೆ ಬೇಕಾದಷ್ಟೇ ತರಿಸಲಾಗುವುದು.

ರಾತ್ರಿ ಉಳಿದ ಅನ್ನವನ್ನು ಬೆಳಿಗ್ಗೆ ಒಗ್ಗರಣೆ ಹಾಕಿ ಬಡಿಸುತ್ತಿರುವ ಬಗ್ಗೆ ದೀರ್ಘ ಚರ್ಚೆ ನಡೆಯಿತು. ಅನ್ನ ಹಳಸಿದ ವಾಸನೆ ಬಂದಿಲ್ಲವೆಂದರೆ ತೊಂದರೆಯಿಲ್ಲ ಎಂಬುದು ಅಡುಗೆಯವರ ವಾದವಾಗಿತ್ತು. ಆದರೆ ಅಕ್ಕಿಯಲ್ಲಿರಬಹುದಾದ ಕೆಲವು ಬ್ಯಾಕ್ಟೀರಿಯಾಗಳ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ, ಅನ್ನವನ್ನು ರಾತ್ರಿಯಿಡೀ ಹೊರಗೆ ಬಿಟ್ಟಾಗ ಅವು ಬೆಳೆದು ವಿಷವನ್ನು ಉಂಟುಮಾಡಬಹುದು, ಆ ವಿಷ ಮತ್ತೆ ಬಿಸಿ ಮಾಡಿದ ಮಾತ್ರಕ್ಕೆ ಹೋಗುವುದಿಲ್ಲ ಎಂದು ಸೂಕ್ಷ್ಮಜೀವಿಶಾಸ್ತ್ರ ಓದುತ್ತಿರುವ ಮೂರನೇ ಮಹಡಿಯ ಪ್ರತಿನಿಧಿ ವಿವರಿಸಿದ ಮೇಲೆ ವಾದ ಮುಂದುವರಿಯಲಿಲ್ಲ. ಬಡಿಸುವ ಹೊತ್ತಿನಲ್ಲಿ ಬಿಸಿ ಪದಾರ್ಥಗಳನ್ನು 60 ಡಿಗ್ರಿಗಿಂತ ಮೇಲೆ ಇಡಬೇಕು, ರಾತ್ರಿ ಪಾತ್ರೆಯಲ್ಲಿ ಉಳಿದ ಅನ್ನವನ್ನು ಮರುದಿನ ಬಳಸಕೂಡದು ಎಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಉಳಿಕೆಯೇ ಕಡಿಮೆಯಾಗಲೆಂದು ರಾತ್ರಿಯ ಅನ್ನವನ್ನು ಎರಡು ಸರದಿಯಲ್ಲಿ ಮಾಡಲಾಗುವುದು.

ಕಳೆದ ತಿಂಗಳು ಹೊಟ್ಟೆ ಕೆಟ್ಟಿದ್ದ ಸಹಾಯಕರೊಬ್ಬರು ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದರೆಂಬ ದೂರಿಗೆ ಮುಖ್ಯ ಅಡುಗೆಯವರು ಮುಚ್ಚುಮರೆಯಿಲ್ಲದೆ ಉತ್ತರಿಸಿದರು: ಬಾರದಿದ್ದರೆ ಆ ದಿನದ ಸಂಬಳ ಹೋಗುತ್ತದೆ, ಆದ್ದರಿಂದ ಹುಷಾರಿಲ್ಲದಿದ್ದರೂ ಬರುತ್ತಾರೆ. ಈ ಮಾತು ಬಂದ ಮೇಲೆ ದೂರು ಕೊಟ್ಟವರೇ ಸಹಾಯಕರ ಪರವಾಗಿ ನಿಂತದ್ದನ್ನು ದಾಖಲಿಸುವುದು ಉಚಿತವೆನಿಸುತ್ತದೆ. ವಾಂತಿ-ಭೇದಿ ಆದವರು ಅದು ನಿಂತ ಮೇಲೂ 48 ಗಂಟೆ ಆಹಾರ ಮುಟ್ಟುವ ಕೆಲಸಕ್ಕೆ ಬರಬಾರದು. ಆ ದಿನಗಳ ಸಂಬಳವನ್ನು ಕಡಿತ ಮಾಡಬಾರದು ಎಂದು ತೀರ್ಮಾನವಾಯಿತು.

ತಟ್ಟೆಗಳ ಜಿಡ್ಡಿನ ದೂರಿಗೆ ಸಂಬಂಧಿಸಿ, ತೊಳೆಯುವ ತೊಟ್ಟಿಯ ನೀರನ್ನು ಪ್ರತಿ 50 ತಟ್ಟೆಗಳಿಗೊಮ್ಮೆ ಬದಲಿಸಲಾಗುವುದು.

4. ಮಾಸಿಕ ಬಿಲ್

ಜೂನ್ ತಿಂಗಳ ದಿನದ ದರ ಮೇ ತಿಂಗಳಿಗಿಂತ ಗಣನೀಯವಾಗಿ ಹೆಚ್ಚಿರುವುದಕ್ಕೆ ನಾಲ್ವರು ಪ್ರತಿನಿಧಿಗಳೂ ಆಕ್ಷೇಪಿಸಿದರು. ಬೆಲೆಯೇರಿಕೆ ಕಾರಣವೆಂದು ಲೆಕ್ಕಿಗರು ಮೊದಲು ಹೇಳಿದರಾದರೂ, ದಾಸ್ತಾನು ಪುಸ್ತಕವನ್ನು ನೋಡಿದಾಗ ಬೇರೆಯೇ ಸಂಗತಿ ಹೊರಬಂದಿತು. ಜೂನ್ 28ರಂದು 30 ಚೀಲ ಅಕ್ಕಿ ಬಂದಿದ್ದು, ತಿಂಗಳ ಕೊನೆಯಲ್ಲಿ ಅದರಲ್ಲಿ 27 ಚೀಲಗಳು ಬಿಚ್ಚದೆ ಉಗ್ರಾಣದಲ್ಲೇ ಇದ್ದವು. ಆದರೂ ಮೂವತ್ತೂ ಚೀಲಗಳ ಹಣವನ್ನು ಜೂನ್ ಖರ್ಚಿಗೇ ಹಾಕಲಾಗಿತ್ತು. ಉಣ್ಣದ ಅಕ್ಕಿಗೆ ಜೂನ್‌ನಲ್ಲಿದ್ದವರು ಹಣ ಕೊಟ್ಟಂತಾಯಿತು. ಅವರಲ್ಲಿ ಕೋರ್ಸ್ ಮುಗಿಸಿ ನಿಲಯ ಬಿಟ್ಟವರಂತೂ ಅದನ್ನು ಇನ್ನು ಉಣ್ಣುವುದೂ ಇಲ್ಲ. ಲೆಕ್ಕಿಗರು ತಪ್ಪನ್ನು ಒಪ್ಪಿಕೊಂಡರು.

ಇನ್ನು ಮುಂದೆ ತಿಂಗಳ ಖರ್ಚನ್ನು ಆರಂಭದ ದಾಸ್ತಾನಿಗೆ ಆ ತಿಂಗಳ ಖರೀದಿಯನ್ನು ಕೂಡಿಸಿ, ಕೊನೆಯ ದಾಸ್ತಾನನ್ನೂ ಅತಿಥಿಗಳ ಊಟದ ಕೂಪನ್‌ಗಳಿಂದ ಬಂದ ಹಣವನ್ನೂ ಕಳೆದು ಲೆಕ್ಕ ಹಾಕಬೇಕು. ತಿಂಗಳ ಕೊನೆಯ ದಿನ ಉಗ್ರಾಣದ ಎಣಿಕೆಗೆ ಸರದಿಯಂತೆ ಒಬ್ಬ ಪ್ರತಿನಿಧಿ ಹಾಜರಿದ್ದು ಸಹಿ ಹಾಕಬೇಕು.

ರಜೆಯ ರಿಯಾಯಿತಿಯ ವಿಷಯದಲ್ಲಿ, ಒಂಬತ್ತು ವಿದ್ಯಾರ್ಥಿಗಳ ಒಟ್ಟು 41 ದಿನಗಳ ಅರ್ಜಿ ತಡವಾಗಿ ಬಂದಿದೆಯೆಂದು ತಿರಸ್ಕೃತವಾಗಿತ್ತು. ಅರ್ಜಿಗಳು ಪೆಟ್ಟಿಗೆಯಲ್ಲಿ ಸಮಯಕ್ಕೆ ಸರಿಯಾಗಿಯೇ ಬಿದ್ದಿದ್ದವು. ಪೆಟ್ಟಿಗೆಯನ್ನು ವಾರಕ್ಕೊಮ್ಮೆ ಮಾತ್ರ ತೆರೆಯಲಾಗುತ್ತಿತ್ತು. ಆ 41 ದಿನಗಳಿಗೂ ರಿಯಾಯಿತಿ ಮಂಜೂರಾಯಿತು. 186 ಮಂದಿಯ 30 ದಿನಗಳೆಂದರೆ 5,580 ಊಟದ ದಿನಗಳು. ಈಗಾಗಲೇ ಕೊಟ್ಟಿದ್ದ 371 ದಿನಗಳ ಜೊತೆ ಇವನ್ನೂ ಕಳೆದರೆ 5,168 ಉಳಿಯುತ್ತದೆ. ಪರಿಷ್ಕೃತ ಬಿಲ್ಲನ್ನು ಈ ಸಂಖ್ಯೆಯಿಂದಲೇ ಭಾಗಿಸಿ ತಯಾರಿಸಬೇಕು. ಪೆಟ್ಟಿಗೆಯನ್ನು ಇನ್ನು ಪ್ರತಿದಿನ ಸಂಜೆ ತೆರೆಯಲಾಗುವುದು.

ಒಂದು ದಿನದ ರಜೆಗೂ ರಿಯಾಯಿತಿ ಬೇಕೆಂಬ ಬೇಡಿಕೆಯನ್ನು ಸಮಿತಿ ಒಪ್ಪಲಿಲ್ಲ. ಯಾರು ಊಟಕ್ಕೆ ಬರಲಿ ಬಿಡಲಿ, ಅಡುಗೆಯವರ ಸಂಬಳ ಅಷ್ಟೇ ಇರುತ್ತದೆ, ಗ್ಯಾಸಿನ ಖರ್ಚೂ ಹೆಚ್ಚು ಇಳಿಯುವುದಿಲ್ಲ. ರಜೆ ಹೆಚ್ಚಿದಷ್ಟೂ ಆ ಭಾರ ಉಳಿದವರ ಮೇಲೆ ಬೀಳುತ್ತದೆ. ಕನಿಷ್ಠ ಮೂರು ದಿನ ಸತತ ರಜೆ, ಎರಡು ದಿನ ಮುಂಚಿತ ಅರ್ಜಿ ಎಂಬ ಈಗಿನ ನಿಯಮವೇ ಮುಂದುವರಿಯುತ್ತದೆ. ಸಂಬಳ ಮತ್ತು ಇಂಧನದ ಪಾಲನ್ನು ಎಲ್ಲರಿಗೂ ಸಮನಾಗಿ ಹಂಚಿ, ದಿನಸಿಯ ಪಾಲಿಗೆ ಮಾತ್ರ ರಿಯಾಯಿತಿ ಕೊಡುವ ಪದ್ಧತಿಯ ಕರಡು ಲೆಕ್ಕವನ್ನು ಲೆಕ್ಕಿಗರು ಮುಂದಿನ ಸಭೆಗೆ ತರಬೇಕು.

ಜೂನ್ ತಿಂಗಳ ಪರಿಷ್ಕೃತ ಬಿಲ್ ಜುಲೈ 19ರಂದು ಸೂಚನಾ ಫಲಕದಲ್ಲಿ ಪ್ರಕಟವಾಗುತ್ತದೆ. ಅಲ್ಲಿಯವರೆಗೆ ಹಳೆಯ ಬಿಲ್ಲಿನ ಮೇಲೆ ದಂಡ ಹಾಕುವಂತಿಲ್ಲ. ಈಗಾಗಲೇ ಪಾವತಿಸಿದವರಿಗೆ ವ್ಯತ್ಯಾಸವನ್ನು ಜುಲೈ ಬಿಲ್ಲಿನಲ್ಲಿ ಕಳೆಯಬೇಕು. ನಿಲಯ ಬಿಟ್ಟವರಿಗೆ ಅವರ ಬ್ಯಾಂಕ್ ಖಾತೆಗೆ ಮರಳಿಸಬೇಕು.

ಮುಂದಿನ ಸಭೆ ಆಗಸ್ಟ್ 9, ಶನಿವಾರ ಸಂಜೆ 5 ಗಂಟೆಗೆ ನಡೆಯಲಿದ್ದು, ಉಗ್ರಾಣದ ಉಸ್ತುವಾರಿಯವರು ಕಡ್ಡಾಯವಾಗಿ ಹಾಜರಿರಬೇಕು. ಸಭೆ 7.10ಕ್ಕೆ ಮುಕ್ತಾಯವಾಯಿತು.

ಸಹಿ/-
ವಿದ್ಯಾರ್ಥಿ ಕಾರ್ಯದರ್ಶಿ, ಮೆಸ್ ಸಮಿತಿ

ಸಹಿ/-
ವಾರ್ಡನ್ ಹಾಗೂ ಅಧ್ಯಕ್ಷರು, ಮೆಸ್ ಸಮಿತಿ