ಪರೀಕ್ಷೆ ಹತ್ತಿರ ಬಂದಾಗ ಹೊಟ್ಟೆ ಯಾಕೆ ಕಟ್ಟಿಕೊಳ್ಳುತ್ತದೆ?

ಈ ತಿಂಗಳು ನೆಗಡಿ, ಜ್ವರಕ್ಕಿಂತ ಜಾಸ್ತಿ ಕೇಳಿದ ದೂರು ಒಂದೇ. ಅದೂ ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು, ಮೆಲ್ಲಗೆ: "ಸಿಸ್ಟರ್, ನಾಲ್ಕು ದಿನ ಆಯ್ತು, ಮೋಷನ್ ಆಗಿಲ್ಲ." ನಾಚಿಕೊಳ್ಳುವ ವಿಷಯವೇ ಅಲ್ಲ ಇದು. ಅದಕ್ಕೇ ಎಲ್ಲರಿಗೂ ಸೇರಿಸಿ ಬರೆದು ಅಂಟಿಸುತ್ತಿದ್ದೇನೆ.

ನಿಮ್ಮ ಬೆಳಗು ನನಗೆ ಗೊತ್ತು. ಆರೂವರೆಗೇ ಟಾಯ್ಲೆಟ್ ಬಾಗಿಲಲ್ಲಿ ಬಕೆಟ್‌ಗಳ ಸಾಲು. ನಿಮ್ಮ ಕೆಂಪು ಬಕೆಟ್ ಏಳನೆಯದು. ಬಸ್ಸಿಗೆ ಹೊತ್ತಾಯಿತು, ಸಂಜೆ ನೋಡಿದರಾಯಿತು ಅಂತ ತಡೆದುಕೊಂಡು ಹೊರಡುತ್ತೀರಿ. ಸಂಜೆ ಹೋಗಿ ಕೂತರೆ ಏನೂ ಇಲ್ಲ.

ಮಲ ಕರುಳಿನ ತುದಿಗೆ ಬಂದು ಗುದನಾಳ ಹಿಗ್ಗಿದಾಗ ಹೋಗಬೇಕು ಅನ್ನಿಸುತ್ತದೆ. ತಡೆದರೆ ಸ್ವಲ್ಪ ಹೊತ್ತಿಗೆ ಆ ಕರೆ ಸುಮ್ಮನಾಗುತ್ತದೆ, ಮಲ ಮಾತ್ರ ಒಳಗೇ ಉಳಿಯುತ್ತದೆ. ದೊಡ್ಡ ಕರುಳಿನ ಕೆಲಸವೇ ನೀರು ಹೀರುವುದು. ಉಳಿದಷ್ಟೂ ಹೀರುತ್ತಲೇ ಇರುತ್ತದೆ. ಕೊನೆಗೆ ಆಡಿನ ಹಿಕ್ಕೆಯ ಹಾಗೆ ಗಟ್ಟಿ ಗಟ್ಟಿ. ತಿಣುಕಿದರೆ ನೋವು, ನೋವಾಯಿತು ಅಂತ ಮರುದಿನ ಮತ್ತೆ ತಡೆಯುತ್ತೀರಿ. ದಿನಾ ತಡೆದರೆ ಗುದನಾಳ ಹಿಗ್ಗಿದ್ದಕ್ಕೇ ಒಗ್ಗಿಕೊಂಡು, ಕರೆಯುವುದನ್ನೇ ಕಮ್ಮಿ ಮಾಡುತ್ತದೆ.

ಇನ್ನು ನೀರು. ಮಲೆನಾಡಿನ ಮಳೆಗಾಲದಲ್ಲಿ ಬಾಯಾರುವುದೇ ಇಲ್ಲ, ಅಲ್ವಾ? ಬೆಳಗ್ಗೆ ತುಂಬಿಸಿದ ಬಾಟಲಿ ರಾತ್ರಿ ಅರ್ಧ ಹಾಗೇ ಇರುತ್ತದೆ. ಕಾಲೇಜಿನ ಟಾಯ್ಲೆಟ್ಟಿಗೆ ಹೋಗಬೇಕಾಗುತ್ತದೆ ಅಂತ ಬೇಕೆಂದೇ ಕುಡಿಯದವರೂ ಇದ್ದೀರಿ. ದಿನಕ್ಕೆ ಸುಮಾರು ಎರಡು ಲೀಟರ್ ಒಳಗೆ ಹೋಗಲಿ. ತಣ್ಣೀರು ಬೇಡವೆನಿಸಿದರೆ ಬಿಸಿನೀರು, ಮಜ್ಜಿಗೆ, ಸಾರು, ಯಾವುದಾದರೂ ಸರಿ. ಬರೀ ನೀರು ಸಾಲದು, ಅದನ್ನು ಮಲದಲ್ಲಿ ಹಿಡಿದಿಡಲು ನಾರು ಬೇಕು. ಮೆಸ್ಸಿನ ಬಸಳೆ ಸಾರು, ಹೆಸರುಕಾಳು ಪಲ್ಯ ಬದಿಗೆ ಸರಿಸಿ ರಾತ್ರಿ ಬೇಕರಿ ಬನ್ ತಿಂದರೆ ಪಾಪ, ಕರುಳು ಏನು ಮಾಡೀತು? ಪೇರಲೆ ಸಿಕ್ಕರೆ ಬಿಡಬೇಡಿ.

ಪರೀಕ್ಷೆಯ ಟೆನ್ಷನ್ನಿಗೂ ಕರುಳಿಗೂ ನರಗಳ ಸಂಬಂಧವಿದೆ. ಹೆದರಿಕೆಗೆ ಕೆಲವರಿಗೆ ಭೇದಿ, ಕೆಲವರಿಗೆ ಕರುಳೇ ನಿಧಾನ. ಕೆಳಗಿನ ಸ್ನಾಯುಗಳೂ ಬಿಗಿಯಾಗುತ್ತವೆ. ಅದರ ಮೇಲೆ ರಾತ್ರಿ ಎರಡರವರೆಗೆ ಓದು, ಬೆಳಗ್ಗೆ ತಿಂಡಿ ಇಲ್ಲ. ಹೊಟ್ಟೆಗೆ ತಿಂಡಿ ಬಿದ್ದಾಗಲೇ ದೊಡ್ಡ ಕರುಳು ಚುರುಕಾಗುವುದು, ತಿಳಿದಿರಲಿ.

ಹಾಗಾಗಿ ಇಪ್ಪತ್ತು ನಿಮಿಷ ಮುಂಚೆ ಎದ್ದು ಒಂದು ಲೋಟ ಬಿಸಿನೀರು ಕುಡಿಯಿರಿ. ತಿಂಡಿ ಆದ ಹತ್ತು-ಹದಿನೈದು ನಿಮಿಷಕ್ಕೆ ಹೋಗಿ ಕೂರಿ. ಮೊಬೈಲ್ ರೂಮಲ್ಲೇ ಇರಲಿ. ಕಮೋಡ್ ಆದರೆ ಕಾಲ ಕೆಳಗೆ ಚಿಕ್ಕ ಸ್ಟೂಲ್ ಇಟ್ಟುಕೊಳ್ಳಿ. ತಿಣುಕಬೇಡಿ, ಬರದಿದ್ದರೆ ಎದ್ದು ಬನ್ನಿ. ಆದರೆ ಕರೆ ಬಂದಾಗ, ಪಾಠದ ಮಧ್ಯೆಯಾದರೂ ಕೇಳಿ ಹೋಗಿ.

ಭೇದಿ ಮಾಡಿಸುವ ಮಾತ್ರೆ ನೀವೇ ತಂದು ದಿನಾ ನುಂಗಬೇಡಿ. ಕಬ್ಬಿಣದ ಮಾತ್ರೆ ತಗೊಳ್ಳುವವರಿಗೂ ಹೀಗೆ ಹೊಟ್ಟೆ ಕಟ್ಟಿಕೊಳ್ಳಬಹುದು, ನಿಲ್ಲಿಸದೆ ನನಗೆ ಹೇಳಿ. ಮಲದಲ್ಲಿ ರಕ್ತ, ತೂಕ ಇಳಿಕೆ, ಅಥವಾ ಎರಡು ವಾರವಾದರೂ ಸರಿಹೋಗದಿದ್ದರೆ ಡಾಕ್ಟರಿಗೆ ತೋರಿಸಬೇಕು. ಹೊಟ್ಟೆ ಉಬ್ಬಿ, ಜೋರು ನೋವು, ವಾಂತಿ, ಗ್ಯಾಸ್ ಕೂಡ ಹೋಗುತ್ತಿಲ್ಲ ಅಂದರೆ ಅದೇ ಕ್ಷಣ ವಾರ್ಡನ್ ಬಾಗಿಲು ತಟ್ಟಿ, ರಾತ್ರಿಯಾದರೂ ಸರಿ.

ಉಳಿದವರು ಸಂಜೆ ಐದರಿಂದ ಆರರೊಳಗೆ ಸಿಕ್ ರೂಮಿಗೆ ಬನ್ನಿ. ಬಾಗಿಲು ಹಾಕಿಕೊಂಡೇ ಮಾತಾಡೋಣ.